ಪರದೆಯ ಅಂಚಿನ ಕೈ

ಹ್ವಾಲಿಯೆನ್ ಊರಿನ ಶಾಲೆಗಳಿಗೆ ಭೂಕಂಪದ ಪಾಠ ಹೇಳುವ ಚಿತ್ರ ಅದು. ಟಿವಿಗೆ ಅಗಲ, ಫೋನಿಗೆ ಉದ್ದ, ತರಗತಿಯ ಹಳೆಯ ಪ್ರೊಜೆಕ್ಟರಿಗೆ ಹೆಚ್ಚುಕಡಿಮೆ ಚೌಕ. ಒಂದೇ ಸಂಕಲನವನ್ನು ನಾನು ಈ ಮೂರು ಅಳತೆಯಲ್ಲಿ ಮಧ್ಯಾಹ್ನದೊಳಗೆ ಕೊಡಬೇಕಿತ್ತು. ನಿರ್ದೇಶಕ ಕ್ವೋ ನನ್ನ ಕುರ್ಚಿಯ ಹಿಂದೆ ಶತಪಥ ತಿರುಗುತ್ತಿದ್ದ.

ಟಿವಿಯದು ಮುಗಿದಿತ್ತು. ಅದರ ಬಲಮೂಲೆಯಲ್ಲಿ ಶ್ಯೂಹ್ವಾ ಅಕ್ಕ ಮಾತನ್ನೆಲ್ಲ ಸನ್ನೆಭಾಷೆಯಲ್ಲಿ ಹೇಳುತ್ತಿದ್ದಳು. ಫೋನಿನ ಚೌಕಟ್ಟಿನಲ್ಲಿ ಅವಳಿಗೆ ಪಕ್ಕದಲ್ಲಿ ಜಾಗವಿರಲಿಲ್ಲ. ಚಿತ್ರವನ್ನು ಮೇಲಿಟ್ಟು ಅವಳನ್ನು ಕೆಳಗೆ ನಿಲ್ಲಿಸಿದೆ, ಲೈಕ್ ಗುಂಡಿಗಳು ಅವಳನ್ನು ಮುಚ್ಚದಷ್ಟು ಎಡೆ ಬಿಟ್ಟು.

ಪ್ರೊಜೆಕ್ಟರಿಗೆ ಇಡೀ ಚಿತ್ರ ಕುಗ್ಗಿಸಿದಾಗ ಮೇಲೂ ಕೆಳಗೂ ಕಪ್ಪು ಪಟ್ಟಿ ಬಂತು. ಕ್ವೋ ಸಿಡಿದ.

“ಏನಿದು, ಸಾವಿನ ಮನೆ ಥರ! ಎರಡೂ ಪಕ್ಕ ಕತ್ತರಿಸು, ಪರದೆ ತುಂಬಲಿ.”

“ಅಕ್ಕನೂ ಕಟ್ ಆಗ್ತಾಳೆ.”

“ಮುಖ ಕಾಣುತ್ತಲ್ಲ, ಸಾಕು ಬಿಡು ಮಾರಾಯ್ತಿ!”

ಸಿಟ್ಟಿನಲ್ಲೇ ಕತ್ತರಿಸಿದೆ. ಅಷ್ಟರಲ್ಲಿ ಸನ್ನೆಗಳನ್ನು ಪರೀಕ್ಷಿಸಲು ಶ್ಯೂಹ್ವಾ ಅಕ್ಕನೇ ಬಂದಳು. ನೋಡಿ ಜೋರಾಗಿ ನಕ್ಕಳು, ತಕ್ಷಣ ನಗು ನಿಲ್ಲಿಸಿದಳು.

“ಕ್ವೋ, ಇಲ್ಲಿ ನಾನೇನು ಹೇಳ್ತಿದೀನಿ ಗೊತ್ತಾ?”

“‘ಓಡಬೇಡಿ, ಮೇಜಿನ ಕೆಳಗೆ ಹೋಗಿ’ ಅಂತ.”

“ಓಡೋ ಸನ್ನೆ ಎದೆ ಮುಂದೆ ಮಾಡಿದ್ದೆ, ಅದಿದೆ. ನಾನು ಎಡಚಿ. ಬೇಡ ಅಂತ ಎಡಗೈ ಪಕ್ಕಕ್ಕೆ ಚಾಚಿ ಬೀಸಿದ್ದೆ. ಅದನ್ನ ನೀವು ಕತ್ತರಿಸಿದೀರ. ಕಿವಿ ಕೇಳದ ಮಕ್ಕಳಿಗೆ ಈಗ ‘ಓಡಿ’ ಅಂತ ಹೇಳ್ತಿದೀನಿ.”

ಬೆಳಿಗ್ಗೆಯಿಂದ ಮೊದಲ ಸಲ ಕ್ವೋ ಕುಳಿತುಕೊಂಡ.

“ಕಪ್ಪು ಪಟ್ಟಿ ಹಾಕು,” ಎಂದ ಮೆಲ್ಲಗೆ.