ಎರಡೂ ಬಟನ್ ಒತ್ತಿ ಹಿಡಿಯಿರಿ

ವಿಡಿಯೋ ಗೇಮ್ ತಯಾರಿಸುವ ಆ ಕಂಪನಿಯಲ್ಲಿ ಅವಳನ್ನು ಎಲ್ಲರೂ ‘ಟೆಸ್ಟರ್ ಅಕ್ಕ’ ಅಂತಲೇ ಕರೆಯುತ್ತಿದ್ದರು. ಅಪಘಾತವೊಂದರಲ್ಲಿ ಹೆಗಲ ನರಗಳು ಹರಿದು ಬಲಗೈ ಜೋತುಬಿದ್ದಿತ್ತು. ಆಟವನ್ನು ಒಂದೇ ಕೈಯಲ್ಲಿ ಆಡಿ ಪರೀಕ್ಷಿಸುವವರು ಬೇಕೆಂದು ಹುಡುಕಿ ಅವಳನ್ನು ಕೆಲಸಕ್ಕೆ ತೆಗೆದುಕೊಂಡಿದ್ದರು. ಆಗ ತಯಾರಾಗುತ್ತಿದ್ದುದು, ಗಣಿಯಲ್ಲಿ ಸಿಕ್ಕಿಬಿದ್ದ ತಂಗಿಯನ್ನು ಅಕ್ಕನೊಬ್ಬಳು ಹುಡುಕಿ ಹೋಗುವ ಆಟ. ಕೀಬೋರ್ಡಿನ ಯಾವ ಬಟನ್ನಿಗೆ ಯಾವ ಕೆಲಸ ಅನ್ನುವುದನ್ನು ಆಡುವವರೇ ಬದಲಿಸಿಕೊಳ್ಳುವ ಪುಟವೊಂದನ್ನು, ಕಂಟ್ರೋಲ್ ಕೋಡ್ ಬರೆಯುವ ಹುಡುಗನ ತಲೆ ತಿಂದು ತಿಂದು ಅವಳು ಮಾಡಿಸಿದ್ದಳು. ಪಟಪಟ ಒತ್ತಬೇಕಾದ ಕಡೆ ಒಮ್ಮೆ ಒತ್ತಿ ಹಿಡಿದರೆ ಸಾಕು. ಕೆಂಪು, ಹಸಿರು ದೀಪಗಳ ಜೊತೆ ಬೇರೆ ಬೇರೆ ಆಕಾರದ ಗುರುತು ಬಂದಿತ್ತು, ಆ ಬಣ್ಣಗಳ ವ್ಯತ್ಯಾಸ ಕಾಣದವರಿಗಾಗಿ.

ಪತ್ರಕರ್ತರಿಗೆ ಆಟ ತೋರಿಸುವ ದಿನ ಬೆಳಿಗ್ಗೆ ಅವಳು ಸ್ವಲ್ಪ ಬೇಗ ಬಂದಳು. ಅಂಗಡಿಗೆ ಹೋಗಲಿರುವ ಕೊನೆಯ ಪ್ರತಿ ಪಕ್ಕದ ಕಂಪ್ಯೂಟರಿನಲ್ಲಿತ್ತು. ಸುಮ್ಮನೆ ತೆರೆದಳು. ಹಗ್ಗ ಹಿಡಿದ ಎರಡು ಕೈಗಳ ಚಿತ್ರ. ಕೆಳಗೆ, ‘ಎರಡೂ ಬಟನ್ ಒತ್ತಿ ಹಿಡಿಯಿರಿ’. ಒಂದು ಎಡತುದಿಯ ಟ್ಯಾಬ್, ಇನ್ನೊಂದು ಬಲತುದಿಯ ಬಾಣ. ಬೆರಳು ಎಷ್ಟು ಅಗಲಿಸಿದರೂ ಒಂದು ಕೈಗೆ ಎಟುಕುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿದಳು. ಬಟನ್ ಬದಲಿಸುವ ಪುಟವೇ ಇರಲಿಲ್ಲ.

ಅವಳು ನೆಟ್ಟಗೆ ಆಟದ ನಿರ್ದೇಶಕರ ಕೋಣೆಗೆ ನುಗ್ಗಿದಳು.

“ಸರ್, ಆ ಪುಟ ಎಲ್ಲಿ?”

“ಓ, ಅದಾ? ಮೊದಲ ಬಿಡುಗಡೆಯಲ್ಲಿ ಬೇಡ ಅಂದ್ಕೊಂಡ್ವಿ. ಆಮೇಲೆ ಯಾವಾಗಾದ್ರೂ ಅಪ್‌ಡೇಟ್‌ನಲ್ಲಿ ಕೊಡೋಣ. ನೋಡಮ್ಮ, ಎರಡೂ ಕೈಯಲ್ಲಿ ಹಗ್ಗ ಹಿಡಿದು ಕೈ ನೋಯ್ಬೇಕು. ಆ ನೋವೇ ಈ ಆಟದ ಜೀವ.”

“ನೋವು ಅಂದ್ರೇನು ಅಂತ ನನಗೆ ಪಾಠ ಹೇಳ್ತೀರಾ?”

“ಛೆ, ನೀವ್ಯಾಕೆ ಮೈಮೇಲೆ ಹಾಕ್ಕೋತೀರಿ? ಇವತ್ತು ನೀವು ಆಡೋ ಪ್ರತಿಯಲ್ಲಿ ಎಲ್ಲಾ ಇದೆ. ನಿಮಗೋಸ್ಕರ ಬೇರೆ ಮಾಡಿಸಿದ್ದೀವಿ.”

ಅವಳಿಗೆ ಆಗ ಹೊಳೆಯಿತು. ಹೊರಗೆ ಗೋಡೆಯುದ್ದಕ್ಕೂ ಅಂಟಿಸಿದ ಪೋಸ್ಟರಿನಲ್ಲಿ ಅವಳದೇ ನಗುಮುಖ, ಅದರಡಿ ‘ಎಲ್ಲರೂ ಆಡುವ ಆಟ’. ಪತ್ರಕರ್ತರೆದುರು ಅವಳು ಒಂದೇ ಕೈಯಲ್ಲಿ ಆಡಿ ತೋರಿಸಬೇಕು. ಅದನ್ನು ನಂಬಿ ಆಟ ಕೊಂಡವರಿಗೆ ಆಟದ ಬಾಗಿಲೇ ತೆರೆಯುವುದಿಲ್ಲ. ಮೈಯೆಲ್ಲ ಉರಿದುಹೋಯಿತು.

“ಅಂದ್ರೆ ನನ್ನನ್ನ ಗೊಂಬೆ ಮಾಡಿ ಕೂರಿಸ್ತಿದ್ದೀರಿ.”

“ದನಿ ತಗ್ಗಿಸಿ ಮಾತಾಡಿ,” ಎಂದರು ನಿರ್ದೇಶಕರು.

ಅವಳು ಕೋಣೆಯಿಂದ ಹೊರಬಿದ್ದಳು. ಕೋಡ್ ಬರೆಯುವ ಹುಡುಗನ ಮೇಜಿನ ಮುಂದೆ ಹೋಗಿ ನಿಂತಳು. ಅವನು ತಲೆ ಎತ್ತಲಿಲ್ಲ.

“ನನಗೆ ಗೊತ್ತಿತ್ತು ಅಕ್ಕ. ಹೇಳೋಕೆ ಮುಖ ಇರ್ಲಿಲ್ಲ. ಆ ಪುಟ ಅಳಿಸಿಲ್ಲ, ಕಾಣದ ಹಾಗೆ ಮುಚ್ಚಿದ್ದೀವಿ ಅಷ್ಟೆ.”

“ಹಾಗಾದ್ರೆ ಒಂದು ಕೆಲಸ ಮಾಡು. ನನ್ನ ಮುಂದೆ ಅಂಗಡಿಗೆ ಹೋಗೋ ಪ್ರತಿಯನ್ನೇ ಇಡು.”

ಹುಡುಗ ನಿರ್ದೇಶಕರ ಕೋಣೆಯತ್ತ ನೋಡಿದ. ಆದರೂ ಇಟ್ಟ.

ಮಧ್ಯಾಹ್ನ ಹಾಲ್ ತುಂಬಿತ್ತು. ನಿರ್ದೇಶಕರು ಸೊಗಸಾಗಿ ಮಾತಾಡಿ ಅವಳತ್ತ ಕೈ ತೋರಿಸಿದರು. ದೊಡ್ಡ ಪರದೆಯ ಮೇಲೆ ಹಗ್ಗ ಹಿಡಿದ ಕೈಗಳು ಮೂಡಿದವು. ಅವಳು ಎಡಗೈಯಿಂದ ಟ್ಯಾಬ್ ಒತ್ತಿ ಹಿಡಿದು ಸುಮ್ಮನೆ ಕೂತಳು. ಪರದೆ ಕದಲಲಿಲ್ಲ. ಯಾರೋ ಕೆಮ್ಮಿದರು. ನಿರ್ದೇಶಕರ ಮುಖ ಸುಟ್ಟ ಬದನೆಕಾಯಿಯಾಯಿತು.

“ಏನೋ ತಾಂತ್ರಿಕ ತೊಂದರೆ...” ಎಂದು ಅವರು ಧಾವಿಸಿ ಬಂದರು.

“ತೊಂದರೆ ಏನೂ ಇಲ್ಲ,” ಎಂದಳು ಅವಳು. “ಜನ ಕೊಂಡ್ಕೊಳ್ಳೋ ಆಟ ಇದೇ. ಬಟನ್ ಬದಲಿಸೋ ಪುಟ ತಯಾರಿದೆ, ಇವ್ರು ಮುಚ್ಚಿಟ್ಟಿದ್ದಾರೆ. ಇವತ್ತು ನಿಮ್ಮ ಕಣ್ಣಿಗೆ ಮಣ್ಣೆರಚೋಕೆ ನನಗೆ ಬೇರೆ ಪ್ರತಿ ಕೊಟ್ಟಿದ್ರು.”

ಪತ್ರಕರ್ತೆಯೊಬ್ಬಳು ಎದ್ದು, “ಹೌದೇ?” ಎಂದು ನಿರ್ದೇಶಕರನ್ನು ಕೇಳಿದಳು. ಹಿಂದಿನಿಂದ ಕೋಡ್ ಹುಡುಗ, “ಹೌದು, ಆ ಪುಟ ಬರೆದೋನು ನಾನೇ,” ಎಂದ.

ಬಿಡುಗಡೆ ಮುಂದಕ್ಕೆ ಹೋಯಿತು. ಅಷ್ಟರೊಳಗೆ ಟೆಸ್ಟರ್ ಅಕ್ಕನನ್ನು ಕೆಲಸದಿಂದ ತೆಗೆದರು. ಹುಡುಗನನ್ನು ಕಳಿಸುವ ಧೈರ್ಯ ಮಾಡಲಿಲ್ಲ. ಆ ಕೋಡ್ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಆಟ ಮಾರುಕಟ್ಟೆಗೆ ಬಂದ ದಿನ ಅವಳು ಮನೆಯಲ್ಲಿ ಅದನ್ನು ತೆರೆದಳು. ಎಲ್ಲಕ್ಕಿಂತ ಮೊದಲು ಬಂದದ್ದೇ ಬಟನ್ ಬದಲಿಸುವ ಪುಟ. ಎಲ್ಲವನ್ನೂ ಎಡಗೈಯ ಕೆಳಗೆ ತಂದುಕೊಂಡು ಹಗ್ಗ ಹಿಡಿದು ಇಳಿದಳು. ಪರದೆಯ ಸೂಚನೆಗಳೂ ಅವಳು ಆರಿಸಿದ ಬಟನ್ನುಗಳನ್ನೇ ತೋರಿಸಿದವು.

ಬಾಗಿಲಲ್ಲಿ ನಿಂತ ಅಮ್ಮ, “ಗೆದ್ಯಲ್ಲ, ಈಗಲಾದ್ರೂ ಸಿಟ್ಟು ಇಳೀತಾ?” ಎಂದಳು.

“ಇಲ್ಲಮ್ಮ. ಅಷ್ಟು ಜಗಳ ಆಡಿದ ಮೇಲೆ ಸಿಕ್ಕಿದ್ದು ಆಟದ ಬಾಗಿಲು ತೆರೆಯೋ ಹಕ್ಕು ಮಾತ್ರ.”

ಸಂಜೆ ಕಿವಿ ಕೇಳಿಸದ ಗೆಳತಿ ಬಂದು ಆಡಲು ಕೂತಳು. ಕತ್ತಲ ಸುರಂಗದಲ್ಲಿ ತಂಗಿ ಗೋಡೆ ಬಡಿಯುವ ಸದ್ದು. ಪರದೆಯ ಕೆಳಭಾಗದಲ್ಲಿ ‘ಬಡಿತದ ಸದ್ದು’ ಅಂತ ಮೂಡಿತು. ಅದು ಎಡದಿಂದ ಬಂತೋ ಬಲದಿಂದ ಬಂತೋ ತೋರಿಸುವ ಗುರುತಿಲ್ಲ. ಗೆಳತಿ ತಪ್ಪು ದಾರಿ ಹಿಡಿದು ಮಣ್ಣಿನಡಿ ಸಿಕ್ಕಿ ಸತ್ತಳು. ಮತ್ತೆ ಆಡಿದಳು, ಮತ್ತೆ ಸತ್ತಳು. ಕೊನೆಗೆ ಕೀಬೋರ್ಡ್ ತಳ್ಳಿ, ಸನ್ನೆಯಲ್ಲೇ ಒಂದು ಕೆಟ್ಟ ಬೈಗುಳ ಬೈದಳು.

ಟೆಸ್ಟರ್ ಅಕ್ಕ ಕುರ್ಚಿ ಎಳೆದುಕೊಂಡಳು. ಹಲ್ಲು ಕಚ್ಚಿಕೊಂಡು, ಒಂದೇ ಕೈಯಲ್ಲಿ, ನಿರ್ದೇಶಕರಿಗೆ ಟೈಪ್ ಮಾಡತೊಡಗಿದಳು.