ಅಮಾವಾಸ್ಯೆಯ ದಿನ ಬಿಡಿಸಿದ ಕೆಲಸ

ಶಿವಶರಣಪ್ಪನವರ ಎಣ್ಣೆ ಗಿರಣಿಯಲ್ಲಿ ನಾನು ಆರು ವರ್ಷ ದುಡಿದಿದ್ದೆ. ವಿಜಾಪುರ ಸ್ಟೇಷನ್ನಿನ ಹಿಂದೆ ಗಿರಣಿ. ಒಳಗೆ ಎರಡು ಯಂತ್ರ. ಅರವತ್ತೊಂದನೇ ಇಸವಿಯಲ್ಲಿ ಕುಸುಬಿ ಬೆಳೆ ಸರಿಯಾಗಿ ಬರದೆ ಒಂದು ಯಂತ್ರ ನಿಂತಿತು. ಕೊನೆಗೆ ಸೇರಿದವರು ನಾನು ಮತ್ತು ಕಾಳು ಹಸನು ಮಾಡುವ ಹಾಜಿರಾಬಿ. ಹೋಗುವವರು ನಾವೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ, ಮಾಲಕರು ಇಬ್ಬರನ್ನೂ ಒಳಗೆ ಕರೆದಾಗ ನಾನು ಎರಡು ಸಲ ಕರೆಸಿಕೊಂಡು ಹೋದೆ.

"ರೇವಪ್ಪ, ವಕೀಲರ ಕಡೆ ಹೋಗಿದ್ದೆ," ಅಂದರು. ಅವರ ಮುಖ ಬಿಳಿಚಿತ್ತು. "ಒಂದು ತಿಂಗಳು ಮೊದಲು ಬರೆದು ತಿಳಿಸಬೇಕಿತ್ತಂತ. ನಾ ತಿಳಿಸಿಲ್ಲ. ಅದಕ್ಕ ಆ ತಿಂಗಳ ಪಗಾರ ಕೊಡತೀನಿ. ಮ್ಯಾಲ ಒಂದೊಂದು ವರ್ಷಕ್ಕ ಹದಿನೈದು ದಿನದ ಪಗಾರ. ಸರಕಾರಕ್ಕೂ ಕಾಗದ ಹಾಕೀನಿ. ನಿನಗ ಎರಡನೂರಾ ನಲವತ್ತು ಬರತೈತಿ, ಈ ತಿಂಗಳ ಪಗಾರ ಬ್ಯಾರೆ. ಬಿಡಿಸೋ ದಿನಾನ ಕೈಯಾಗ ಇಡಬೇಕಂತ."

"ಇಡ್ರಿ ಮತ್ತ," ಅಂದೆ.

ಅವರು ತಾಯಿಯ ಕಡೆ ನೋಡಿದರು. ನೀಲವ್ವ ತಿಜೋರಿಯ ಮುಂದೆ ಕುಂಕುಮದ ಬಟ್ಟಲು ಹಿಡಿದು ಕುಳಿತಿದ್ದರು. ಕೀಲಿಕೈ ಅವರ ಸೊಂಟದಲ್ಲಿತ್ತು.

"ಇವತ್ತ ಅಮವಾಸಿ, ನಾಳಿ ಪಾಡ್ಯ," ಅಂದರು ನೀಲವ್ವ. "ಈ ಎರಡು ದಿನ ಪೂಜಿ ಮಾಡಿದ ತಿಜೋರಿಯಿಂದ ಒಂದು ದುಡ್ಡು ಹೊರಗ ಹೋಗಂಗಿಲ್ಲ. ನನ್ನ ಮಾವನ ಕಾಲದಿಂದ ಹೋಗಿಲ್ಲ."

"ಹಂಗಾರ ಇವತ್ತ ಹೋಗ್ರಿ, ನಾಡದ ಬಂದು ತಗೊಳ್ರಿ," ಎಂದರು ಶಿವಶರಣಪ್ಪ, ನೆಲ ನೋಡುತ್ತ.

ನಮ್ಮ ಅಣ್ಣ ಖಂಡಪ್ಪನಿಗೆ ತಿಕೋಟದ ಒಬ್ಬ ಮಾಲಕ ಹಿಂಗೇ 'ಸೋಮವಾರ ಬಾ' ಅಂದಿದ್ದ. ಅಣ್ಣ ತೊರವಿಯ ಮನೆಯಿಂದ ಆ ಪಗಾರಕ್ಕಾಗಿ ಒಂದು ವರ್ಷ ನಡೆದ. ಸೋಮವಾರ ಬರಲೇ ಇಲ್ಲ.

"ನಾಡದ ನಿಮ್ಮ ಗೇಟಿಗೆ ಕೀಲಿ ಬಿದ್ದಿದ್ರ ನಾ ಯಾರ ಕೊಳ್ಳಪಟ್ಟಿ ಹಿಡೀಲಿ?" ಎಂದು ಒದರಿದೆ. ಒದರಿದ್ದು ಸಿಟ್ಟಿನಿಂದ ಅಂತ ಅವರು ತಿಳಿದರು. ನಿಜಕ್ಕೂ ಅಂಜಿಕೆಯಿಂದ ಒದರಿದ್ದೆ.

"ಸಣ್ಣ ದನಿಲೆ ಮಾತಾಡೋ, ದೇವರ ಮುಂದ ಇದ್ದೀ," ಅಂದರು ನೀಲವ್ವ.

ಹಾಜಿರಾಬಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವ್ವಾರ, ನಿಮ್ಮ ತಿಜೋರಿ ತೆಗೀಬ್ಯಾಡ್ರಿ. ನಮ್ಮನ್ನೂ ತೆಗೀಬ್ಯಾಡ್ರಿ. ನಾಡದ ರೊಕ್ಕ ಅಂದ್ರ ನಾಡದ ತನಕ ನಾವು ಕೆಲಸದವರು."

ನೀಲವ್ವ ಬಟ್ಟಲನ್ನು ಕುಕ್ಕಿದರು. "ನಿಂತ ಯಂತ್ರದ ಮುಂದ ಎರಡು ದಿನ ಏನ ಮಾಡ್ತಿ, ಬೇ? ಕುಂತು ಪಗಾರ ತಿಂತೀಯೇನ?"

"ಕಸಾ ಹೊಡೀತೀನ್ರಿ."

ಶಿವಶರಣಪ್ಪನವರ ಹಣೆಯ ಬೆವರು ವಿಭೂತಿ ದಾಟಿ ಇಳಿಯಿತು. ಕೊನೆಗೆ ತಾಯಿಗೆ ಅಂದರು: "ಎವ್ವಾ, ರೊಕ್ಕ ಕೈಯಾಗ ಇಡದ ಬಿಡಿಸಿದ್ರ ಅದು ನಡೆಯಂಗಿಲ್ಲ. ವಕೀಲರು ಎರಡು ಸಲ ಹೇಳ್ಯಾರ. ಒಂದು ನೀ ಇವತ್ತ ಕೀಲಿಕೈ ಕೊಡು, ಇಲ್ಲಾ ಇವರ ಎರಡು ದಿನದ ಪಗಾರ ನಿನ್ನ ಪೂಜಿ ಖರ್ಚಿಗೆ ಬರಕೋತೀನಿ."

ನೀಲವ್ವ ಕೀಲಿಕೈ ಮುಟ್ಟಿಕೊಂಡರು. ಕೊಡಲಿಲ್ಲ. "ಬರಕೋ," ಅಂದರು.

ಎರಡು ದಿನ ನಾವು ಅಂಗಳ ಗುಡಿಸಿದೆವು, ಹಿಂಡಿ ಚೀಲ ಒಟ್ಟಿದೆವು. ನನ್ನ ಕಣ್ಣು ಗೇಟಿನ ಮೇಲೆ. ಗಿರಣಿಯಿಂದ ಒಂದು ಗಾಡಿ ಹಿಂಡಿ ಹೋದರೂ ಮಾಲಕರು ಊರು ಬಿಡುತ್ತಿದ್ದಾರೆ ಅನ್ನಿಸುತ್ತಿತ್ತು. ಮನೆಯಲ್ಲಿ ಹೆಂಡತಿಗೆ ಹೇಳಿರಲಿಲ್ಲ. ಅವಳು ಬಡಿಸಿದ ರೊಟ್ಟಿ ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಬಂದರೆ ಗೇಟಿಗೆ ಕೀಲಿ. ಕೈಗೆ ಸಿಕ್ಕ ಕಲ್ಲು ಎತ್ತಿದೆ.

"ಕಲ್ಲ ಒಗದು ಏನ ತಗೋತೀ?" ಅಂದಳು ಹಾಜಿರಾಬಿ. "ಕುಂಡ್ರು."

ಕುಂತೆವು. ಬಿಸಿಲು ಏರಿತು. ಖಂಡಪ್ಪನ ಸವೆದ ಚಪ್ಪಲಿ ಕಣ್ಣ ಮುಂದೆ ಬಂತು. ಮಧ್ಯಾಹ್ನದ ಹೊತ್ತಿಗೆ ಬಬಲೇಶ್ವರದ ಬಸ್ಸಿನಿಂದ ಇಳಿದು ಶಿವಶರಣಪ್ಪ ಓಡುತ್ತ ಬಂದರು. ಧೋತರಕ್ಕೆ ಧೂಳು ಹತ್ತಿತ್ತು.

"ನಿನ್ನೆ ರಾತ್ರಿ ಎಣಿಸಿದೆ, ತಿಜೋರಿಯಾಗಿದ್ದದ್ದು ನಿಮ್ಮಿಬ್ಬರಿಗೆ ಸಾಲತಿದ್ದಿಲ್ಲ. ಹಿಂಡಿ ಮಾರಿದ ರೊಕ್ಕ ಬಬಲೇಶ್ವರದಾಗ ಬಾಕಿ ನಿಂತಿತ್ತು, ಉಳಿದವರಿಗೆ ಇವತ್ತ ಸೂಟಿ ಕೊಟ್ಟು ತರಾಕ ಹೋಗಿದ್ದೆ," ಅಂದರು. ನಾನು ಕಲ್ಲನ್ನು ಬೆನ್ನ ಹಿಂದೆ ಇಟ್ಟೆ. ಅವರು ನೋಡಿದರು. ಬಗ್ಗಿ ಗೇಟಿನ ಕೀಲಿ ತೆಗೆದರು.

ಒಳಗೆ ಕಾರಣ ಬರೆದ ಕಾಗದ ಓದಿ ಹೇಳಿದರು, ನೋಟು ನಮ್ಮ ಕೈಯಲ್ಲಿ ಇಟ್ಟರು, ಆಮೇಲೆ ಸಹಿ ಕೇಳಿದರು. ಎರಡು ದಿನದ ಪಗಾರವೂ ಅದರಲ್ಲಿತ್ತು. ದೀಪಾವಳಿಗೆ ನಾನು ಮುಂಗಡ ತೆಗೆದ ಇಪ್ಪತ್ತು ರೂಪಾಯಿ ನೆನಪಿಸಿದೆ.

"ಇದರಾಗ ಹಿಡಿಯಂಗಿಲ್ಲ. ಬಾಯಿ ಮುಚ್ಕೊಂಡು ತಗೋ," ಅಂದರು. "ಎರಡನೇ ಯಂತ್ರ ತಿರುಗಿದ್ರ ಮೊದಲ ನಿಮಗ ಹೇಳಿ ಕಳಸ್ತೀನಿ."

ಸಂಜೆ ತೊರವಿಯಲ್ಲಿ ಖಂಡಪ್ಪ ನೋಟುಗಳನ್ನು ಬೆಳಕಿಗೆ ಹಿಡಿದು ನೋಡಿದ. "ಪೂರಾ ಕೊಟ್ಟನಾ? ಬಿಡಿಸಿದ ದಿನಾನ?" ಎಂದು ಮತ್ತೆ ಮತ್ತೆ ಕೇಳಿದ.

ಹೂಂ ಅಂದೆ. ನಾಳೆ ಮುಂಜಾನೆ ಎದ್ದು ಯಾವ ಕಡೆ ನಡೆಯಬೇಕು ಅನ್ನುವ ಅಂಜಿಕೆ ಹಾಗೇ ಇತ್ತು. ರೊಕ್ಕ ಕೇಳಲು ಗಿರಣಿಯ ಗೇಟಿಗೆ ಮಾತ್ರ ನಡೆಯಬೇಕಾಗಿರಲಿಲ್ಲ.