ಪಾಟ ಅಂದ್ರ ಏನು

ಯಲವಿಗಿ ಸ್ಟೇಷನ್ನಿನ ಹತ್ತಿರ ಮಹಾಲಿಂಗಪ್ಪನ ಖಾನಾವಳಿ ಇತ್ತು. ರೊಟ್ಟಿ ಬಡಿಯುವವಳು ಮಗಳು ಸರೋಜವ್ವ. ಹಿರೇಕೆರೂರಿಗೆ ಕೊಟ್ಟಿದ್ದ ಹುಡುಗಿ; ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಹದಿನೆಂಟಕ್ಕೇ ತವರಿಗೆ ಮರಳಿದ್ದಳು. ಅದಾಗಿ ನಾಲ್ಕು ವರ್ಷ. ಬಂದವರೆಲ್ಲ ಅವಳೊಂದಿಗೆ ಮರುಕದ ದನಿಯಲ್ಲೇ ಮಾತಾಡುತ್ತಿದ್ದರು. ಅದನ್ನು ಕೇಳಿ ಕೇಳಿ ಅವಳಿಗೂ ಬೇಸರ ಬಂದಿತ್ತು.

೧೯೩೮ರಲ್ಲಿ ಸ್ಟೇಷನ್ನಿಗೆ ಹೊಸ ಗುಮಾಸ್ತ ಬಂದ. ಲಾತೂರ ಕಡೆಯ ಲಿಂಗಾಯತ, ಮನೆಮಾತು ಮರಾಠಿ, ಹೆಸರು ಮನ್ಮಥಪ್ಪ. ಹೆಸರು ಕೇಳಿದ ಕೂಡಲೇ ಸರೋಜವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಬಿಸಿಲಿಗೆ ಸುಟ್ಟ ಕಡ್ಡಿಯಂಥ ಮನುಷ್ಯನಿಗೆ ಕಾಮದೇವರ ಹೆಸರು.

"ನಗಬ್ಯಾಡ್ರಿ. ನಮ್ಮ ಕಡೆ ಆ ಹೆಸರಿನ ಸ್ವಾಮಿಗಳು ಆಗಿ ಹೋಗ್ಯಾರ. ಮನಿಗೊಬ್ಬ ಮನ್ಮಥ ಇರ್ತಾನ" ಎಂದ ಅವನು, ಮುರುಕು ಕನ್ನಡದಲ್ಲಿ.

"ಮನಿಗೊಬ್ಬ? ಹಂಗಾರ ನಿಮ್ಮೂರ ಹೆಣ್ಮಕ್ಕಳ ಪಾಡೇನ್ರಿ?"

ಅಲ್ಲಿಂದ ಶುರುವಾಯಿತು. ತಿಳಿಯದಿದ್ದಾಗ ಅವನು "ಕಾಯ?" ಎಂದರೆ, 'ಏನು' ಎಂದು ಕೇಳುತ್ತಿದ್ದಾನೆಂದು ಗೊತ್ತಿದ್ದೂ ಅವಳು ತೆಂಗಿನಕಾಯಿ ತಂದು ಎಲೆಯ ಪಕ್ಕ ಇಡುತ್ತಿದ್ದಳು. ಸಾರು ಬೇಕೇನ್ರಿ ಎಂದರೆ ಅವನ ಉತ್ತರ "ಹೋ". ಮರಾಠಿಯಲ್ಲಿ ಅದು ಹೌದು. "ಹೋ ಅಂದ್ರಲ್ಲ, ಹೋಗ್ತೇನಿ" ಎಂದು ಅವಳು ಸಾರಿನ ತಪ್ಪೇಲಿ ಹೊತ್ತು ಹೊರಟುಬಿಡುವಳು. ಅವನು ಕೈ ಚಾಚಿ ಕರೆಯುವವರೆಗೆ ಹೊರಳುತ್ತಿರಲಿಲ್ಲ.

ಊಟ ಮುಗಿಸಿ ಎದ್ದಾಗ ಅವನು "ಯೇತೋ" ಎನ್ನುತ್ತಿದ್ದ. ಒಂದು ದಿನ ಅವಳು ಅರ್ಥ ಕೇಳಿದಳು.

"ಬರ್ತೇನಿ ಅಂತ."

"ನಾವು ಹೋಗಿ ಬರ್ತೇನಿ ಅಂತೇವ್ರಿ. ಹೋಗೂದನ್ನ ಒಪ್ಪಿಕೊಂಡೇ ಹೇಳ್ತೇವಿ. ನಿಮ್ಮವರು ಅದನ್ನ ಮುಚ್ಚಿಡ್ತಾರ."

"ಮುಚ್ಚಿಡೂದಿಲ್ರಿ" ಎಂದು ಅವನು ಚಪ್ಪಲಿ ಮೆಟ್ಟುತ್ತ ಹೇಳಿದ, "ನಾವು ಹೋಗೂದ ಇಲ್ಲ."

ಅಂದು ಸರೋಜವ್ವನ ಎರಡು ರೊಟ್ಟಿ ಹಂಚಿನ ಮೇಲೆ ಸೀದವು.

ಸಂಕ್ರಾಂತಿ ಕಳೆದು ಒಂದು ಮಧ್ಯಾಹ್ನ ಅವನು ಊಟ ಬಿಟ್ಟು ಎಲೆಯನ್ನೇ ನೋಡುತ್ತ ಕುಳಿತ. ಕಡೆಗೆ ಕೇಳಿದ: "ನಮ್ಮ ಕಡೆ ನಿಮ್ಮಂಥವರಿಗೆ ಪಾಟ ಮಾಡ್ತಾರ್ರಿ. ನಿಮ್ಮೊಳಗ ನಡೀತದೇನು? ನಿಮಗ ಮನಸ್ಸಿದ್ರ, ನಾನು..."

ನಿಮ್ಮಂಥವರಿಗೆ ಎಂದರೆ ಓದು ಬರದವರಿಗೆ ಎಂದುಕೊಂಡಳು ಅವಳು. ಈತ ಶಾಲೆಯ ಪಾಠ ಹೇಳಲು ಹೊರಟಿದ್ದಾನೆ. ನಕ್ಕು, "ದಿನಾ ನಿಮ್ಮ ಪಾಟ ಕೇಳಿ ಸಾಕಾಗೈತ್ರಿ. ಬ್ಯಾರೆ ಯಾರನ್ನಾರ ನೋಡ್ಕೋರಿ" ಎಂದಳು.

ಅವನ ಮುಖ ಬಾಡಿತು. ಕೈ ತೊಳೆದು, ಯೇತೋ ಎನ್ನದೆ ಹೊರಟುಹೋದ. ಎಂಟು ದಿನ ಖಾನಾವಳಿಯ ಕಡೆ ಸುಳಿಯಲಿಲ್ಲ. ಸ್ಟೇಷನ್ನಿನಲ್ಲಿ ಚುರುಮುರಿ ತಿಂದುಕೊಂಡಿದ್ದಾನೆಂದು ಹಮಾಲರು ಹೇಳಿದರು.

ವಾರಕ್ಕೊಮ್ಮೆ ಸವಣೂರಿನಿಂದ ವೀಳ್ಯದೆಲೆ ತರುವ ಕುಲಸುಮಬಿ ಹತ್ತು ವರ್ಷ ಮಿರಜಿನಲ್ಲಿ ಸಂಸಾರ ಮಾಡಿದವಳು. ಸರೋಜವ್ವ ನಡೆದದ್ದನ್ನೆಲ್ಲ ಹೇಳಿದಳು.

ಎಲೆ ಎಣಿಸುತ್ತಿದ್ದ ಕುಲಸುಮಬಿಯ ಕೈ ನಿಂತಿತು. "ಪಾಟ ಅಂದನೇನ? ಅಯ್ಯ ಹುಚ್ಚಿ, ಮರಾಠ್ಯಾಗ ಪಾಟ ಅಂದ್ರ ಗಂಡ ಸತ್ತಾಕಿ ಮತ್ತ ಲಗ್ನ ಆಗೂದು. ನಿಮ್ಮವರು ಉಡಕಿ ಅಂತಾರಲ್ಲ, ಅದ. ಅಂವ ನಿನ್ನ ಕೇಳ್ಯಾನ. ನೀ ಬ್ಯಾಡ ಅಂದು ಕಳಿಸಿದಿ."

ಸರೋಜವ್ವ ಒಲೆಯ ಮುಂದೆ ಹೋಗಿ ಕುಳಿತಳು. ರೊಟ್ಟಿ ಬಡಿದು ಬುತ್ತಿ ಕಟ್ಟಿದಳು. "ಬೀ, ನನ್ನ ಸಂಗಾಟ ಬರ್ರಿ" ಎಂದಳು.

ಗೋದಾಮಿನ ನೆರಳಲ್ಲಿ ಮನ್ಮಥಪ್ಪ ಅರಳೆಯ ಮೂಟೆಗಳಿಗೆ ಗುರುತು ಹಾಕುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮಗ ನಮ್ಮ ಪದ್ಧತಿ ಒಂದು ಹೇಳೂದೈತ್ರಿ" ಎಂದಳು ಅವಳು, ನೆಲ ನೋಡುತ್ತ. "ನಮ್ಮ ಹೆಣ್ಮಕ್ಕಳು ಗಂಡನ ಹೆಸರು ಹೇಳೂದಿಲ್ಲ. ಹೇಳಾಕ ಬೇಕಂದ್ರ ಒಡಪಿನಾಗ ಮುಚ್ಚಿ ಹೇಳ್ತಾರ. ಕೇಳ್ರಿ. ಬಿಳಿಜೋಳದ ರೊಟ್ಟಿಗೆ ಬೆಣ್ಣಿ ಎರಡು ಬಟ್ಟಲ, ಮನ್ಮಥಪ್ಪನವರ ಮನಿ ತುಂಬೂದ ನನ್ನ ಹಂಬಲ."

ಅವನು ಗುರುತಿನ ಕುಂಚ ಕೆಳಗಿಟ್ಟ. ಕಣ್ಣು ತುಂಬಿದ್ದವು. "ನಮ್ಮ ಆಯಿನೂ ಹಿಂಗ ಹೇಳ್ತಿದ್ದಳ್ರಿ. ನಾವು ಉಖಾಣಾ ಅಂತೇವಿ" ಎಂದ. "ಇದನ್ನ ನೀವು ನನಗ ತಿಳಿಸಿ ಹೇಳೂ ಜರೂರ ಇದ್ದಿಲ್ಲ."

ಸಂಜೆ ಅವನೇ ಬಂದು ಮಹಾಲಿಂಗಪ್ಪನನ್ನು ಕೇಳಿದ. ಮುದುಕ ಮಗಳ ಕಡೆ ಹೊರಳಿದ. "ನಾಕು ವರ್ಷದಾಗ ನೀ ನಕ್ಕಿದ್ದು ಇವರು ಬಂದ ಮ್ಯಾಲ. ನಾ ಒಳಗ ಕುಂತು ಕೇಳಾಕತ್ತಿದ್ದೆ. ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲೈತವಾ?"

ಉಡಕಿಗೆ ವಾದ್ಯವಿರಲಿಲ್ಲ, ದಿಬ್ಬಣವಿರಲಿಲ್ಲ. ಅಯ್ಯನವರು, ನಾಲ್ಕು ಮಂದಿ ಹಿರಿಯರು, ಒಂದು ಹೊಸ ಸೀರೆ. ಹಿರೇಕೆರೂರಿನ ಅತ್ತೆಯೂ ಬಂದು, ಸತ್ತ ಮಗನನ್ನು ನೆನೆದು ಅತ್ತು, ತಾನೇ ಅವಳ ಕೈಗೆ ಹಸಿರು ಬಳೆ ಏರಿಸಿದಳು. ಸರೋಜವ್ವನಿಗೆ ಯಾರ ಕಾಲಿಗೆ ಮೊದಲು ಬೀಳಬೇಕೆಂದು ತಿಳಿಯಲಿಲ್ಲ. ಅತ್ತೆಗೆ ಬಿದ್ದಳು, ಅಪ್ಪನಿಗೆ ಬಿದ್ದಳು, ಆಮೇಲೆ ಬಾಗಿಲ ಹೊರಗೆ ಎಲೆಯ ಪೆಂಡಿ ಹಿಡಿದು ನಿಂತಿದ್ದ ಕುಲಸುಮಬಿಯ ಕೈ ಹಿಡಿದು ಒಳಗೆ ಕರೆತಂದು ಅವಳ ಪಾದಕ್ಕೂ ಬಗ್ಗಿದಳು. ಕುಲಸುಮಬಿ ಅವಳ ಮುಖ ನೀವಿ, ತನ್ನ ಕಪಾಳದ ಮೇಲೆ ನಟಿಕೆ ಮುರಿದುಕೊಂಡಳು.